ಸಂಡೂರಿನ ಸೋಲಾರ್ ಸ್ಲೈಡುಗಳಿಗೆ ಒಂದು ವ್ಯಾಖ್ಯಾನ

ಸಂಡೂರಿನಲ್ಲಿ ಚಾವಣಿ ಸೋಲಾರ್ ಕೂರಿಸುವ ನನ್ನ ಗೆಳೆಯರೊಬ್ಬರು ಹೊಸಪೇಟೆ ಕಡೆಯ ಅಪಾರ್ಟ್‌ಮೆಂಟ್ ಸಂಘಗಳಿಗೆ ತೋರಿಸಲು ಮೂವತ್ತೆರಡು ಸ್ಲೈಡುಗಳನ್ನು ಮಾಡಿಸಿದ್ದರು. ಮೊದಲ ಒಂಬತ್ತರಲ್ಲಿ ಕಂಪನಿಯ ಕಥೆ, ಹಸಿರು ಭೂಮಿ, ಸೂರ್ಯೋದಯದ ಚಿತ್ರ. ದುಡ್ಡಿನ ವಿಷಯ ಬರುವಷ್ಟರಲ್ಲಿ ಅರ್ಧ ಕುರ್ಚಿ ಖಾಲಿ. ಇಬ್ಬರೂ ಕೂತು ಅವನ್ನು ಏಳಕ್ಕೆ ಇಳಿಸಿದೆವು. ಇಪ್ಪತ್ತನಾಲ್ಕು ಮನೆಗಳ ಒಂದು ಕಟ್ಟಡವನ್ನು ಉದಾಹರಣೆಗೆ ಕಲ್ಪಿಸಿಕೊಂಡು ಲೆಕ್ಕ ಹಾಕಿದೆವು. ಪ್ರತಿ ಸ್ಲೈಡಿಗೂ ಒಂದೇ ಮುಖ್ಯ ಸಾಲು. ಆ ಸಾಲುಗಳು ಮತ್ತು ಅವುಗಳ ಟೀಕೆ ಇಲ್ಲಿವೆ.

"ನಿಮ್ಮ ಕಾಮನ್ ಮೀಟರ್ ಹೋದ ವರ್ಷ ಓಡಿದ್ದು 13,200 ಯೂನಿಟ್."

ಮೊದಲ ಸ್ಲೈಡಿನಲ್ಲಿ ಕಂಪನಿಯ ಹೆಸರು ಮೂಲೆಯಲ್ಲಿ ಸಣ್ಣದಾಗಿ ಇದ್ದರೆ ಸಾಕು. ನಡುವೆ ಇರಬೇಕಾದದ್ದು ಸಂಘದ್ದೇ ಹನ್ನೆರಡು ತಿಂಗಳ ಜೆಸ್ಕಾಂ ಬಿಲ್. ಅದನ್ನು ಕಾರ್ಯದರ್ಶಿಯ ಹತ್ತಿರ ಮೊದಲೇ ಕೇಳಿ ಪಡೆದಿರಬೇಕು. ಬಿಲ್ ಕೊಡದ ಸಂಘಕ್ಕೆ ಸ್ಲೈಡ್ ತೋರಿಸಲು ಹೋಗುವುದೇ ಬೇಡ.

"ಕಾಮನ್ ಮೀಟರ್" ಎಂಬ ಮಾತಿಗೆ ಇಲ್ಲಿ ತೂಕವಿದೆ. 2023ರ ಜುಲೈಯಿಂದ ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗಳ ಬಿಲ್ ಸೊನ್ನೆ. ಸಭೆಯಲ್ಲಿ ಮೊದಲು ಏಳುವ ಕೈ ಇದನ್ನೇ ಕೇಳುತ್ತದೆ: "ನಮ್ಗ ಬಿಲ್ಲೇ ಬರಂಗಿಲ್ಲ, ಸೋಲಾರ್ ಯಾಕ್ರಿ?" ಲಿಫ್ಟು, ನೀರೆತ್ತುವ ಮೋಟರು, ಮೆಟ್ಟಿಲ ದೀಪ ಇವೆಲ್ಲ ಸಂಘದ ಹೆಸರಿನ ಮೀಟರಿನಲ್ಲಿ ಓಡುತ್ತವೆ. ಆ ಬಿಲ್ ಸೊನ್ನೆಯಾಗುವುದಿಲ್ಲ, ಪ್ರತಿ ತಿಂಗಳ ಮೆಂಟೆನೆನ್ಸ್ ಹಣದಿಂದಲೇ ಹೋಗುತ್ತದೆ. ನಾವು ಮಾರಲು ಬಂದಿರುವುದು ಈ ಒಂದು ಮೀಟರಿಗೆ ಮಾತ್ರ ಎಂದು ಮೊದಲ ನಿಮಿಷದಲ್ಲೇ ಹೇಳಿಬಿಟ್ಟರೆ ಆ ಕೈ ತಾನಾಗಿ ಇಳಿಯುತ್ತದೆ.

"ಕರೆಂಟ್ ಹೋದರೆ ಇದೂ ನಿಲ್ಲುತ್ತದೆ."

ಇದನ್ನು ಎರಡನೆಯದಾಗಿ ಇಡಬೇಕೆಂದಾಗ ಗೆಳೆಯರು ಒಪ್ಪಲಿಲ್ಲ. ಮಾರುವವನೇ ಮಾಲಿನ ಕುಂದು ಹೇಳಿದರೆ ಹೇಗೆ ಎಂದರು. ಹಳೆಯ ಸ್ಲೈಡುಗಳಲ್ಲಿ ಇದು ಎಲ್ಲೂ ಇರಲಿಲ್ಲ. ಪ್ರಶ್ನೆ ಮಾತ್ರ ಪ್ರತಿ ಸಭೆಯಲ್ಲೂ ಬರುತ್ತಿತ್ತು, ಅದೂ ಕೊನೆಯಲ್ಲಿ, ಸಹಿ ಹಾಕುವ ಹೊತ್ತಿಗೆ: "ಕರೆಂಟ್ ಹೋದಾಗ ಲಿಫ್ಟ್ ನಡೀತೈತಲ್ರಿ?" ನಡೆಯುವುದಿಲ್ಲ. ಲೈನಿಗೆ ಜೋಡಿಸಿದ ಇನ್ವರ್ಟರ್, ಲೈನಿನಲ್ಲಿ ಕರೆಂಟ್ ಇಲ್ಲವೆಂದು ಗೊತ್ತಾದ ಕೂಡಲೇ ತಾನೂ ಬಂದಾಗಬೇಕು. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್ ಮುಟ್ಟುವ ತಂತಿಗೆ ನಮ್ಮ ಚಾವಣಿಯಿಂದ ವಿದ್ಯುತ್ ಹರಿಯುತ್ತದೆ. ಬ್ಯಾಟರಿ ಹಾಕಿದರೆ ಬೇರೆ ಮಾತು, ಬೇರೆ ಬೆಲೆ. ಡೀಸೆಲ್ ಜನರೇಟರ್ ಇದ್ದ ಕಟ್ಟಡದಲ್ಲಿ ಆ ಜನರೇಟರ್ ಹಾಗೇ ಉಳಿಯಬೇಕು. ಸೋಲಾರಿನ ವಿದ್ಯುತ್ ಜನರೇಟರಿಗೆ ಹಿಮ್ಮುಖವಾಗಿ ನುಗ್ಗದಂತೆ ತಡೆಯನ್ನೂ ಹಾಕಬೇಕು.

"ನಿಮ್ಮ ಚಾವಣಿಯಲ್ಲಿ ನೆರಳಿಲ್ಲದ ಜಾಗ ಇಷ್ಟು."

ಈ ಸ್ಲೈಡಿಗೆ ಉಪಗ್ರಹದ ನಕ್ಷೆ ಹಾಕುವುದು ರೂಢಿ. ಅದರ ಬದಲು ಅದೇ ಚಾವಣಿಯಲ್ಲಿ ನಿಂತು ಬೆಳಿಗ್ಗೆ ಒಂಬತ್ತಕ್ಕೂ ಮಧ್ಯಾಹ್ನ ಮೂರಕ್ಕೂ ತೆಗೆದ ಎರಡು ಫೋಟೊ ಹಾಕಿದೆವು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಬಾಗಿರುವಾಗ ನಮ್ಮ ಕಡೆ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಹತ್ತು ಅಡಿ ಎತ್ತರದ ಲಿಫ್ಟ್ ಕೋಣೆಯ ನೆರಳು ಹದಿನಾರು ಅಡಿಯಷ್ಟು ವಾಯವ್ಯಕ್ಕೆ ಚಾಚುತ್ತದೆ. ಮೇ ತಿಂಗಳಲ್ಲಿ ಅಳತೆ ತೆಗೆದವನಿಗೆ ಇದು ಕಾಣುವುದಿಲ್ಲ. ಪ್ಯಾನಲ್‌ಗಳು ಸರಪಳಿಯಂತೆ ಒಂದಕ್ಕೊಂದು ಜೋಡಿಸಿದವು. ಒಂದರ ಮೇಲೆ ಬಿದ್ದ ನೆರಳು ಇಡೀ ಸಾಲನ್ನು ಜಗ್ಗುತ್ತದೆ. ಹಾಗಾಗಿ ಅವುಗಳ ಜಾಗ ಟ್ಯಾಂಕು ಮತ್ತು ಲಿಫ್ಟ್ ಕೋಣೆಯ ದಕ್ಷಿಣಕ್ಕೆ.

ನಮ್ಮ ಉದಾಹರಣೆಯ ಕಟ್ಟಡಕ್ಕೆ ಹಿಡಿದ ಹತ್ತು ಕಿಲೋವ್ಯಾಟಿಗೆ 550 ವ್ಯಾಟಿನ ಸುಮಾರು ಹದಿನೆಂಟು ಪ್ಯಾನಲ್ ಬೇಕು. ಓಡಾಡುವ ದಾರಿ ಸೇರಿ ಸಾವಿರ ಚದರಡಿ. ಮೇಲಂತಸ್ತಿನವರಿಗೆ ಸೋರುವ ಚಿಂತೆ. ಅವರಿಗೆ ತೋರಿಸಲು ಇನ್ನೊಂದು ಫೋಟೊ ಬೇಕು: ಚಾವಣಿ ಕೊರೆಯದೆ ಕಾಂಕ್ರೀಟ್ ದಿಮ್ಮಿಗಳ ಮೇಲೆ ನಿಲ್ಲಿಸಿದ ಕಾಲುಗಳು. ಸಂಡಿಗೆ, ಹಪ್ಪಳ, ಮೆಣಸಿನಕಾಯಿ ಒಣಗಿಸುವ ಜಾಗ ಎಲ್ಲಿ ಉಳಿಯುತ್ತದೆ ಎಂದೂ ನಕ್ಷೆಯಲ್ಲಿ ಗೆರೆ ಎಳೆದು ತೋರಿಸಬೇಕು. ನಗಬೇಡಿ. ಬೇಸಿಗೆಯಲ್ಲಿ ಒಂದು ಸಭೆ ಇದೇ ಮಾತಿನ ಮೇಲೆ ಮುರಿದುಬಿದ್ದಿದೆ.

"ಹಾಕಿದ ದುಡ್ಡು ಮರಳಲು ಆರು ವರ್ಷ, ಎರಡು ತಿಂಗಳು."

ಬೇರೆಯವರು ನಾಲ್ಕು ವರ್ಷ ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಸುಳ್ಳಿಲ್ಲ, ಧೂಳಿಲ್ಲ ಅಷ್ಟೆ.

ಬೆಲೆ ಕಿಲೋವ್ಯಾಟಿಗೆ ₹55,000 ಎಂದು ಹಿಡಿದರೆ ಹತ್ತಕ್ಕೆ ಐದೂವರೆ ಲಕ್ಷ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ವಸತಿ ಸಂಘಗಳ ಸಾಮಾನ್ಯ ಬಳಕೆಗೆ ಕಿಲೋವ್ಯಾಟಿಗೆ ₹18,000 ಸಹಾಯಧನ, ಅಂದರೆ ₹1,80,000. ಒಂದೊಂದು ಮನೆಗೆ ಸಿಗುವ ₹78,000ದ ಅಂಕಿಯನ್ನು ಇಲ್ಲಿ ತಂದು ಸೇರಿಸುವ ಮಾರಾಟಗಾರರಿದ್ದಾರೆ, ಆದರೆ ಅದು ಮನೆಯ ಸ್ವಂತ ಮೀಟರಿನದು. ಉಳಿದದ್ದು ₹3,70,000.

ಇನ್ನು ಉಳಿತಾಯ. ನಾಲ್ಕು ವರ್ಷದವರು ಕಿಲೋವ್ಯಾಟಿಗೆ ವರ್ಷಕ್ಕೆ 1,500 ಯೂನಿಟ್ ಹಿಡಿದು, ಯೂನಿಟ್ಟಿಗೆ ಆರು ರೂಪಾಯಿಯಂತೆ ₹90,000 ತೋರಿಸುತ್ತಾರೆ. ನಾವು 1,300 ಹಿಡಿದೆವು. ಪ್ಯಾನಲಿನ ಮೇಲೆ ಬರೆದ ವ್ಯಾಟ್ ಅದರ ಮೈ 25 ಡಿಗ್ರಿ ಇರುವಾಗಿನದು. ನಮ್ಮ ಬೇಸಿಗೆಯ ಮಧ್ಯಾಹ್ನ ಅದು 65ರ ಹತ್ತಿರ ಕಾಯುತ್ತದೆ. ಒಂದೊಂದು ಡಿಗ್ರಿಗೆ ಶೇಕಡಾ 0.35ರಷ್ಟು ಕಡಿಮೆಯಾಗುತ್ತ ಹೋದರೆ ಆ ಹೊತ್ತಿನಲ್ಲಿ ಶೇಕಡಾ 14 ಹೋಯಿತು. ಬರುವ 13,000 ಯೂನಿಟ್ಟಿನಲ್ಲಿ 12,000ಕ್ಕೆ ಮಾತ್ರ ಬೆಲೆ ಕಟ್ಟಿದೆವು. ಮಾರ್ಚಿನಲ್ಲಿ ಹೆಚ್ಚಾಗಿ ಹೊರಹೋದದ್ದಕ್ಕೆ ಜೆಸ್ಕಾಂ ಕೊಡುವ ದರ ನಾವು ಕೊಳ್ಳುವ ದರಕ್ಕಿಂತ ಕಡಿಮೆ. ₹72,000 ಆಯಿತು. ತೊಳೆಯುವ ಕೂಲಿ ತಿಂಗಳಿಗೆ ಸಾವಿರ ಕಳೆದರೆ ₹60,000. ಅಲ್ಲಿಗೆ ಆರು ವರ್ಷ ಎರಡು ತಿಂಗಳು.

ಸಹಾಯಧನ ಬರುವುದು ಎಲ್ಲ ಮುಗಿದು ಮೀಟರ್ ಕೂತ ಮೇಲೆ. ಹಾಗಾಗಿ ಮನೆಗೆ ಸುಮಾರು ₹22,900 ಮೊದಲೇ ಕೂಡಿಸಬೇಕು, ₹7,500 ಆಮೇಲೆ ಸಂಘಕ್ಕೆ ಮರಳುತ್ತದೆ. ಇದನ್ನು ಅದೇ ಸ್ಲೈಡಿನಲ್ಲಿ, ಅದೇ ಅಕ್ಷರದ ಗಾತ್ರದಲ್ಲಿ ಬರೆದಿದ್ದೇವೆ.

"ಈ ಕೆಂಪು ಗೆರೆ ನೋಡಿ."

ಗೆಳೆಯರಿಗೆ ಅತಿ ಹೆಚ್ಚು ಕೆಲಸ ತಂದುಕೊಟ್ಟದ್ದು ಈ ಸ್ಲೈಡು. ಒಂದು ಪ್ಯಾನಲಿನ ಕೆಳ ಅಂಚಿನ ಫೋಟೊ, ಪಕ್ಕದಲ್ಲಿ ಒಂದು ಬೆರಳು. ಸಂಡೂರಿನಲ್ಲಿ ಅದಿರಿನ ಲಾರಿ ಓಡುವ ರಸ್ತೆಯ ಪಕ್ಕ ಒಣಹಾಕಿದ ಬಿಳಿ ಪಂಚೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಗಾಜಿನ ಮೇಲೂ ಅದೇ ಧೂಳು ಕೂರುತ್ತದೆ. ರಾತ್ರಿಯ ಇಬ್ಬನಿಗೆ ಕರಗಿ ಕೆಳಗೆ ಜಾರಿ, ಚೌಕಟ್ಟಿನ ಅಂಚಿಗೆ ತಡೆದು, ಬಿಸಿಲಿಗೆ ಒಣಗಿ ಎರಡು ಬೆರಳಗಲದ ಕೆಮ್ಮಣ್ಣಿನ ಪಟ್ಟಿಯಾಗುತ್ತದೆ. ದೂರದಿಂದ ಪ್ಯಾನಲ್ ಸ್ವಚ್ಛವಾಗಿಯೇ ಕಾಣುತ್ತದೆ. ಆದರೆ ಕೆಳಗಿನ ಸಾಲಿನ ಕೋಶಗಳು ಮುಚ್ಚಿಹೋಗಿವೆ. ನೆರಳಿನ ತೊಂದರೆಯೇ ಇದು, ಬಣ್ಣ ಬೇರೆ.

ಎಷ್ಟು ನಷ್ಟ ಎಂದು ಬಾಯಲ್ಲಿ ಹೇಳಿದರೆ ಯಾರೂ ನಂಬಬೇಕಿಲ್ಲ. ಪುರಾವೆಗೆ ಒಂದು ಸುಲಭ ದಾರಿಯಿದೆ. ಎರಡು ಸಾಲುಗಳನ್ನು ಬೇರೆ ಬೇರೆ ಅಳೆಯುವ ಇನ್ವರ್ಟರ್ ಇರುವ ಹಳೆಯ ಗ್ರಾಹಕರೊಬ್ಬರ ಚಾವಣಿಯಲ್ಲಿ, ಒಂದೇ ದಿಕ್ಕಿನ ಎರಡು ಸಾಲುಗಳ ಪೈಕಿ ಒಂದನ್ನು ಮಾತ್ರ ಹದಿನೈದು ದಿನ ತೊಳೆಯಬೇಕು. ಮೊಬೈಲಿನಲ್ಲಿ ಎರಡರ ಗ್ರಾಫ್ ಒಂದರಿಂದೊಂದು ದೂರ ಸರಿಯುವುದು ಕಾಣುತ್ತದೆ. ಆ ಗ್ರಾಫನ್ನೇ, ದಿನಾಂಕ ಸಮೇತ, ಸ್ಲೈಡಿಗೆ ಹಾಕಬೇಕು. ಮಳೆಗಾಲದಲ್ಲಿ ಈ ಆಟ ನಡೆಯುವುದಿಲ್ಲ. ಮಳೆಯೇ ಎರಡನ್ನೂ ತೊಳೆದುಬಿಡುತ್ತದೆ.

ತೊಳೆಯುವ ಹೊತ್ತು ಬೆಳಗಿನ ಜಾವ ಅಥವಾ ಸಂಜೆ. ಕಾದ ಗಾಜಿಗೆ ತಣ್ಣೀರು ಸುರಿಯಬಾರದು. ಗಡಸು ಬೋರಿನ ನೀರು ಒಣಗಿದ ಮೇಲೆ ಬಿಳಿ ಪೊರೆ ಬಿಡುತ್ತದೆ, ತಿಂಗಳುಗಟ್ಟಲೆ ಅದರಲ್ಲೇ ತೊಳೆದರೆ ಧೂಳಿಗಿಂತ ಅದೇ ಕಾಟ. ಆದ್ದರಿಂದ ಸಾವಿರ ರೂಪಾಯಿಯ ಕೂಲಿಯಲ್ಲಿ ಯಾರ ನೀರು, ಯಾವ ನೀರು ಎಂಬುದೂ ಬರೆದಿರಬೇಕು.

"ಈ ಕಟ್ಟಡಕ್ಕೆ ಹೋಗಿ ನೀವೇ ನೋಡಿ ಬನ್ನಿ."

ಗ್ರಾಹಕರ ಹೊಗಳಿಕೆಯ ವಿಡಿಯೊ ತೆಗೆದುಹಾಕಿದೆವು. ಅದರ ಜಾಗದಲ್ಲಿ ಒಂದೇ ಕಟ್ಟಡದ, ಅವರ ಒಪ್ಪಿಗೆ ಪಡೆದ, ಎರಡು ಬಿಲ್: ಸೋಲಾರ್‌ಗೆ ಮೊದಲಿನ ಜುಲೈ, ನಂತರದ ಜುಲೈ. ಜುಲೈಯೇ ಯಾಕೆ ಎಂದರೆ ಮೋಡ ಕವಿದ ಆ ತಿಂಗಳಲ್ಲೇ ಉತ್ಪಾದನೆ ತಳ ಕಾಣುವುದು. ಏಪ್ರಿಲಿನ ಬಿಲ್ ತೋರಿಸುವವನು ತನ್ನ ಒಳ್ಳೆಯ ದಿನವನ್ನು ಮಾತ್ರ ತೋರಿಸುತ್ತಿದ್ದಾನೆ. ಬಿಲ್ಲಿನಲ್ಲಿ ಒಳಬಂದ ಯೂನಿಟ್, ಹೊರಹೋದ ಯೂನಿಟ್ ಎರಡೂ ಇರುತ್ತವೆ. ಇನ್ವರ್ಟರಿನ ಆ್ಯಪ್ ತೋರಿಸುವ ಉತ್ಪಾದನೆಯನ್ನು ಸೋಲಾರ್ ಮೀಟರಿನ ಅಂಕಿಯ ಜೊತೆ ತಾಳೆ ನೋಡಲು ಸಮಿತಿಯವರಿಗೆ ಅಲ್ಲೇ ಕಲಿಸಿಕೊಡಬೇಕು. ಎರಡರ ನಡುವೆ ದೊಡ್ಡ ವ್ಯತ್ಯಾಸ ಕಂಡರೆ ಕಾರಣ ಕೇಳುವ ಹಕ್ಕು ಅವರದು. ಕಂಪನಿಯ ಕಥೆಗೆ ಈ ಸ್ಲೈಡಿನ ಕೊನೆಯಲ್ಲಿ ಎರಡು ಸಾಲು: ಯೋಜನೆಯ ಪೋರ್ಟಲಿನಲ್ಲಿ ನೋಂದಣಿ ಇದೆ, ಸಹಾಯಧನಕ್ಕೆ ಬೇಕಾದ ದೇಶೀ ಪ್ಯಾನಲ್‌ಗಳ ದಾಖಲೆ ಇದೆ.

"ಠರಾವಿನ ಕರಡು."

ಧನ್ಯವಾದಗಳು ಎಂಬ ಸ್ಲೈಡಿನ ಜಾಗದಲ್ಲಿ ಇದು ಬಂತು. ಸಭೆಯಲ್ಲಿ ಹೂಂ ಎಂದವರೂ ಮನೆಗೆ ಹೋದ ಮೇಲೆ ಯಾರು ಏನು ಮಾಡಬೇಕೆಂದು ತಿಳಿಯದೆ ಸುಮ್ಮನಾಗುತ್ತಾರೆ. ಆದ್ದರಿಂದ ಠರಾವನ್ನು ನಾವೇ ಬರೆದುಕೊಂಡು ಹೋಗುತ್ತೇವೆ: ಮಂಜೂರಾದ ಲೋಡ್ ಮೀರದಂತೆ 10 ಕಿಲೋವ್ಯಾಟ್, ಅರ್ಜಿಗೆ ಸಹಿ ಮಾಡುವವರು ಇಂಥವರು, ಸಹಾಯಧನ ಬರುವುದು ಸಂಘದ ಈ ಖಾತೆಗೆ. ಹಣದ ಕಂತುಗಳೂ ಅದರಲ್ಲೇ ಇವೆ. ಕೊನೆಯ ಶೇಕಡಾ 10 ಕೊಡುವುದು ನೆಟ್ ಮೀಟರ್ ಕೂತು ಮೂರು ಬಿಲ್ ಬಂದ ನಂತರ. ಆ ಶೇಕಡಾ ಹತ್ತನ್ನು ಗೆಳೆಯರು ಇನ್ನೂ ಗೊಣಗಿಕೊಂಡೇ ಓದುತ್ತಾರೆ.