ನೊಣಕ್ಕೆ ಕೇಳಿದ ಪ್ರಶ್ನೆ

ಬ್ರೆಜಿಲ್‌ನ ಕುಟುಂಬವೊಂದರಲ್ಲಿ ತಲೆಮಾರುಗಳಿಂದ ಕಾಡುತ್ತಿದ್ದ ನರರೋಗದ ಮೂಲ 2004ರಲ್ಲಿ ಪತ್ತೆಯಾಯಿತು. ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುವ ಎಎಲ್‌ಎಸ್ ಕಾಯಿಲೆಯ ಒಂದು ಬಗೆ ಅದು. ವಿಎಪಿಬಿ ಎಂಬ ಪ್ರೋಟೀನಿನ 56ನೇ ಜಾಗದಲ್ಲಿ ಪ್ರೋಲೀನ್ ಇರಬೇಕಾದ ಕಡೆ ಸೆರೀನ್ ಕೂತಿತ್ತು. ತಪ್ಪು ಇಷ್ಟೇ. ಅಪ್ಪನಿಂದಲೋ ಅಮ್ಮನಿಂದಲೋ ಕೆಟ್ಟ ಜೀನಿನ ಒಂದೇ ಪ್ರತಿ ಬಂದರೂ ಸಾಕು, ರೋಗ ಬರುತ್ತದೆ. ಏಕೆಂದರೆ ಕೆಟ್ಟ ಪ್ರೋಟೀನು ಗಂಟುಗಟ್ಟುವಾಗ ಒಳ್ಳೆಯದನ್ನೂ ತನ್ನೊಳಗೆ ಸೆಳೆದುಕೊಳ್ಳುತ್ತದೆ.

ಇಲ್ಲಿಂದ ಮುಂದಿನ ಕೆಲಸವನ್ನು ಯಾವ ಜೀವಿಯಲ್ಲಿ ಮಾಡಬೇಕು? ಪುಣೆಯಲ್ಲಿ ಈ ಪ್ರಶ್ನೆಗೆ ಹಣ್ಣುನೊಣ ಎಂಬ ಉತ್ತರ ಸಿಕ್ಕಿತು. ಪಾಷಾಣದ ಐಸರ್ ಸಂಸ್ಥೆಯ ಗಿರೀಶ್ ರತ್ನಪಾರಖಿ ಅವರ ತಂಡ, ಆಗರ್ಕರ್ ಸಂಶೋಧನ ಸಂಸ್ಥೆಯ ಅನುರಾಧಾ ರತ್ನಪಾರಖಿ ಅವರ ಜತೆ ಸೇರಿ 2014ರಲ್ಲಿ ಪ್ರಕಟಿಸಿದ ಕೆಲಸವನ್ನು ನಾನು ಜೀವಿಯ ಆಯ್ಕೆಯ ಪಾಠವೆಂದೇ ಓದುತ್ತೇನೆ. ಮನುಷ್ಯನಿಗೆ ಯಾವುದು ಹತ್ತಿರ ಎಂದು ನೋಡಿ ಜೀವಿಯನ್ನು ಆರಿಸುವವರು ಬಹಳ. ಆದರೆ ನಮ್ಮ ಪ್ರಶ್ನೆಯ ಉತ್ತರ ಕಣ್ಣಿಗೆ ಕಾಣುವುದು ಯಾವ ಜೀವಿಯಲ್ಲಿ ಎಂಬುದನ್ನು ಮೊದಲು ನೋಡಬೇಕು.

ಅಗ್ಗದ ಜೀವಿಯಿಂದ ಶುರು ಮಾಡೋಣ. ಈ ಪ್ರೋಟೀನಿನ ಸೋದರ ಯೀಸ್ಟ್‌ನಲ್ಲೂ ಇದೆ, ಹೆಸರು ಎಸ್‌ಸಿಎಸ್2. ಅದನ್ನು ತೆಗೆದುಹಾಕಿದ ಯೀಸ್ಟ್, ಇನೊಸಿಟಾಲ್ ಇಲ್ಲದ ತಟ್ಟೆಯಲ್ಲಿ ಸರಿಯಾಗಿ ಬೆಳೆಯುವುದಿಲ್ಲ. ಯೀಸ್ಟ್ 30 ಡಿಗ್ರಿಯಲ್ಲಿ ಸುಮಾರು ಒಂದೂವರೆ ಗಂಟೆಗೊಮ್ಮೆ ಇಮ್ಮಡಿಯಾಗುವುದರಿಂದ ಎರಡು ಮೂರು ದಿನದಲ್ಲಿ ಫಲಿತಾಂಶ ಕೈಗೆ ಬರುತ್ತದೆ. ಈ ಪ್ರೋಟೀನು ಜೀವಕೋಶದ ಒಳಪೊರೆಯ ಮೇಲೆ ಕೂತು ಯಾರನ್ನು ಹಿಡಿದುಕೊಳ್ಳುತ್ತದೆ, ಹಿಡಿತ ತಪ್ಪಿದರೆ ಕೊಬ್ಬಿನ ತಯಾರಿ ಹೇಗೆ ಏರುಪೇರಾಗುತ್ತದೆ ಎಂದು ತಿಳಿಯಬೇಕಾದರೆ ನಾನು ಯೀಸ್ಟ್ ಬಿಟ್ಟು ಬೇರೆ ಕಡೆ ಹೋಗುವುದಿಲ್ಲ. ಆದರೆ ಯೀಸ್ಟ್‌ಗೆ ನರವೂ ಇಲ್ಲ, ಸ್ನಾಯುವೂ ಇಲ್ಲ. ದೇಹದಲ್ಲೆಲ್ಲ ಇರುವ ಪ್ರೋಟೀನು ಕೆಟ್ಟಾಗ ಪೆಟ್ಟು ಬೀಳುವುದು ನರಕ್ಕೇ ಏಕೆ ಎಂದು ಕೇಳಿದರೆ ಆ ತಟ್ಟೆಯಲ್ಲಿ ಉತ್ತರ ಹುಟ್ಟುವುದೇ ಇಲ್ಲ.

ನೊಣದಲ್ಲಿ ಈ ಪ್ರಶ್ನೆಗೆ ನೋಡುವ ಜಾಗ ಇದೆ. ಬೆಳೆದ ಲಾರ್ವಾವನ್ನು ಸಿಲಿಕೋನ್ ತಟ್ಟೆಯ ಮೇಲೆ ಸಣ್ಣ ಪಿನ್ನುಗಳಿಂದ ಹಿಡಿಸಿ, ಬೆನ್ನಿನುದ್ದಕ್ಕೂ ಕತ್ತರಿಸಿ, ಕರುಳು ತೆಗೆದು, ಚರ್ಮವನ್ನು ಬಿಡಿಸಿ ಹರಡುತ್ತಾರೆ. ಸ್ನಾಯುಗಳು ಪಟ್ಟಿ ಪಟ್ಟಿಯಾಗಿ ಕಾಣುತ್ತವೆ. ನರದ ಪೊರೆಗೆ ಅಂಟುವ ಬಣ್ಣ ಹಾಕಿದರೆ ಪ್ರತಿ ಸ್ನಾಯುವಿನ ಮೇಲೂ ನರದ ತುದಿ ಮಣಿಸರದ ಹಾಗೆ ಹರಡಿರುವುದು ಕಾಣಿಸುತ್ತದೆ. ಈ ಮಣಿಗಳಿಗೆ ಬೂಟಾನ್ ಎನ್ನುತ್ತಾರೆ. ಪ್ರತಿ ಲಾರ್ವಾದಲ್ಲೂ ಅದೇ ಸ್ನಾಯು ಅದೇ ಜಾಗದಲ್ಲಿ ಸಿಗುವುದರಿಂದ ಎಣಿಸಿ ಹೋಲಿಸಬಹುದು. ನರಕೋಶದಲ್ಲಿ ಸರಿಯಾದ ಪ್ರೋಟೀನು ಹೆಚ್ಚಾದರೆ ಮಣಿಗಳು ಸಣ್ಣವಾಗುತ್ತವೆ, ಕೆಟ್ಟ ಪ್ರೋಟೀನು ಇದ್ದರೆ ದೊಡ್ಡವಾಗುತ್ತವೆ. ಮನುಷ್ಯನ ಜೀನೋಮಿನಲ್ಲಿ ವಿಎಪಿಬಿಗೆ ವಿಎಪಿಎ ಎಂಬ ಜೋಡಿ ಇದೆ, ಒಂದು ಕೆಟ್ಟರೆ ಇನ್ನೊಂದು ಸ್ವಲ್ಪ ಮಟ್ಟಿಗೆ ಮರೆಮಾಚಬಹುದು. ನೊಣದಲ್ಲಿ ಈ ಕೆಲಸದ ಬಹುಪಾಲು ಭಾರ ಒಂದೇ ಜೀನಿನ ಮೇಲಿದೆ, ಅಲ್ಲಿ ಕೆಟ್ಟದ್ದು ಅಡಗಿ ಕೂರುವುದು ಕಷ್ಟ.

ಪುಣೆಯ ತಂಡ 2,635 ಜೀನುಗಳನ್ನು ಪರೀಕ್ಷಿಸಿ, ವಿಎಪಿಬಿಯ ಪರಿಣಾಮವನ್ನು ಏರಿಸುವ ಅಥವಾ ಇಳಿಸುವ 103 ಜೀನುಗಳನ್ನು ಗುರುತಿಸಿತು. ಇಷ್ಟು ದೊಡ್ಡ ಹುಡುಕಾಟ ಸಾಧ್ಯವಾಗಲು ಕಾರಣ ನೊಣದ ವೇಗ: 25 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣವಾಗಲು ಸುಮಾರು ಹತ್ತು ದಿನ, ಆಹಾರ ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಅಗರ್, ಯೀಸ್ಟ್. ಪುಣೆಯ ಏಪ್ರಿಲ್ ಸೆಕೆಯಲ್ಲಿ ಇನ್‌ಕ್ಯುಬೇಟರ್ ಕೈಕೊಟ್ಟರೆ ಮಾತ್ರ ಗಂಡು ನೊಣಗಳು ಸಂತಾನಶಕ್ತಿ ಕಳೆದುಕೊಂಡು ಸಂತತಿಯೇ ನಿಲ್ಲುತ್ತದೆ.

ಸಿಕ್ಕ 103ರಲ್ಲಿ ನನ್ನ ಮನಸ್ಸು ಹಿಡಿದದ್ದು ಟಾರ್ ಎಂಬ ಜೀನು. ಅದನ್ನು ತಗ್ಗಿಸಿದಾಗ ಉಬ್ಬಿದ ಬೂಟಾನ್‌ಗಳು ಮೊದಲಿನ ಗಾತ್ರದ ಕಡೆಗೆ ಮರಳಿದವು. ಲಾರ್ವಾಗಳಿಗೆ ಆಹಾರದಲ್ಲಿ ರಾಪಮೈಸಿನ್ ಔಷಧ ಬೆರೆಸಿ ತಿನ್ನಿಸಿದಾಗಲೂ ಹಾಗೇ ಆಯಿತು. ರಾಪಮೈಸಿನ್ ಟಾರ್ ಅನ್ನು ತಡೆಯುತ್ತದೆ ಎಂದು ಗೊತ್ತಾದದ್ದು ಯೀಸ್ಟ್‌ನಿಂದ. 1991ರಲ್ಲಿ ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಲ್ಲಿ, ರಾಪಮೈಸಿನ್ ಹಾಕಿದ ತಟ್ಟೆಯಲ್ಲಿಯೂ ಬದುಕಿ ಬೆಳೆದ ಯೀಸ್ಟ್‌ಗಳನ್ನು ಆರಿಸಿ, ಅವುಗಳಲ್ಲಿ ಬದಲಾದ ಜೀನು ಯಾವುದೆಂದು ಹುಡುಕಿದಾಗ ಟಾರ್ ಸಿಕ್ಕಿತು. ಔಷಧ ಹಿಡಿಯುವ ಪ್ರೋಟೀನು ಯಾವುದು ಎಂಬ ಪ್ರಶ್ನೆಗೆ ಸಾವು-ಬದುಕೇ ಉತ್ತರ, ಅಲ್ಲಿ ಯೀಸ್ಟ್‌ನಷ್ಟು ಸ್ಪಷ್ಟವಾಗಿ ಹೇಳುವವರಿಲ್ಲ. ನೊಣದಲ್ಲಿ ಬೇಕಾದ ಅಂಗಾಂಶದಲ್ಲಷ್ಟೇ ಜೀನನ್ನು ಚಾಲೂ ಮಾಡಲು ಬಳಸುವ ಗ್ಯಾಲ್4 ಕೂಡ ಯೀಸ್ಟ್‌ನಿಂದ ತಂದ ಪ್ರೋಟೀನೇ.

ಈ ಗ್ಯಾಲ್4 ಒಂದು ಮೋಸವನ್ನೂ ಮಾಡುತ್ತದೆ. ಕೆಟ್ಟ ಪ್ರೋಟೀನನ್ನು ತಯಾರು ಮಾಡಿಸುತ್ತಿರುವ ಗ್ಯಾಲ್4 ಮೇಲೆಯೇ ಇನ್ನೊಂದು ಜೀನನ್ನು ತಗ್ಗಿಸುವ ಕೆಲಸವನ್ನೂ ಹೊರಿಸಿದರೆ ಅದು ಎರಡಕ್ಕೂ ಹಂಚಿಹೋಗಬಹುದು. ಕೆಟ್ಟ ಪ್ರೋಟೀನಿನ ಪ್ರಮಾಣವೇ ಇಳಿದು, ರೋಗ ವಾಸಿಯಾದಂತೆ ಕಾಣುತ್ತದೆ. ಇದನ್ನು ಹಿಡಿಯಲು ಎರಡನೆಯ ಜೀನಿನ ಜಾಗದಲ್ಲಿ ಯಾವ ಪರಿಣಾಮವೂ ಇಲ್ಲದ ಹಸಿರು ಹೊಳೆಯುವ ಪ್ರೋಟೀನಿನ ಜೀನನ್ನು ಇಟ್ಟು ನೋಡಬೇಕು. ಆಗಲೂ ಬೂಟಾನ್ ಸುಧಾರಿಸಿದರೆ ಸುಧಾರಣೆ ಸುಳ್ಳು. ಜತೆಗೆ, ಅದೇ ಜೀನನ್ನು ಬೇರೆ ಕಡೆಯಿಂದ ತಗ್ಗಿಸುವ ಎರಡನೆಯ ತಳಿಯಲ್ಲೂ ಅದೇ ಫಲ ಬರಬೇಕು. ಔಷಧದ ಪ್ರಯೋಗಕ್ಕೆ ಬೆಲೆ ಬರುವುದು ಇಲ್ಲಿಯೇ: ರಾಪಮೈಸಿನ್ ಕೊಡುವಾಗ ಗ್ಯಾಲ್4 ಅನ್ನು ಹಂಚಿಕೊಳ್ಳುವ ಎರಡನೆಯ ಜೀನು ಇರುವುದಿಲ್ಲ.

ಜೀಬ್ರಾಮೀನಿನ ಸರದಿ ಬರುವುದು ಇದೆಲ್ಲ ಆದ ಮೇಲೆ. ನೊಣದ ಲಾರ್ವಾದಲ್ಲಿ ಬೂಟಾನ್ ಸ್ನಾಯುವಿಗೆ ಸುದ್ದಿ ಕಳಿಸುವುದು ಗ್ಲುಟಮೇಟ್ ಮೂಲಕ, ನಮ್ಮಲ್ಲಿ ಮತ್ತು ಮೀನಿನಲ್ಲಿ ಅದು ಅಸಿಟೈಲ್‌ಕೋಲೀನ್. ನೊಣದ ನರಕ್ಕೆ ನಮ್ಮ ಹಾಗೆ ಮಯಲಿನ್ ಹೊದಿಕೆಯೂ ಇಲ್ಲ, ಮೀನಿಗೆ ಇದೆ. ಮರಿ ಪಾರದರ್ಶಕವಾಗಿರುವುದರಿಂದ ಬೆನ್ನುಹುರಿಯಿಂದ ಸ್ನಾಯುವಿಗೆ ನರ ಚಾಚುವುದನ್ನು ಜೀವಂತವಾಗಿ ನೋಡಬಹುದು, ಔಷಧವನ್ನು ನೀರಿಗೇ ಬೆರೆಸಬಹುದು. ಟಾರ್ ತಗ್ಗಿಸಿದರೆ ಮಯಲಿನ್ ಹೊದ್ದ ನರಕ್ಕೆ ಏನಾಗುತ್ತದೆ ಎಂಬುದು ಮೀನಿಗೆ ಕೇಳಬೇಕಾದ ಪ್ರಶ್ನೆ.

ಆದರೆ 103 ಜೀನುಗಳ ಪಟ್ಟಿ ಹಿಡಿದು ಮೀನಿನ ಬಳಿ ಹೋಗುವುದು ವ್ಯರ್ಥ. ಒಂದು ತಲೆಮಾರಿಗೆ ಸುಮಾರು ಮೂರು ತಿಂಗಳು ಬೇಕು. ಮೀನಿನ ಪೂರ್ವಜರಲ್ಲಿ ಇಡೀ ಜೀನೋಮೇ ಒಮ್ಮೆ ಇಮ್ಮಡಿಯಾದ ಕಾರಣ ಎಷ್ಟೋ ಜೀನುಗಳಿಗೆ ಎರಡೆರಡು ಪ್ರತಿಗಳಿವೆ. ಕಾಯುವುದು ಬೇಡವೆಂದು ಮೊಟ್ಟೆಗೆ ಮಾರ್ಫೊಲಿನೊ ಚುಚ್ಚಿ ಜೀನನ್ನು ತಾತ್ಕಾಲಿಕವಾಗಿ ತಗ್ಗಿಸುವವರು ಹಲವರು. 2015ರಲ್ಲಿ ಹಾಗೆ ಸಿಕ್ಕ ಫಲಗಳನ್ನು ಅವೇ ಜೀನುಗಳ ಸ್ಥಿರ ಮ್ಯುಟೆಂಟ್‌ಗಳ ಜತೆ ಹೋಲಿಸಿದಾಗ ಹೆಚ್ಚಿನವು ತಾಳೆಯಾಗಲಿಲ್ಲ. ಕೆಲವು ಕಡೆ ಮಾರ್ಫೊಲಿನೊದ ಅಡ್ಡಪರಿಣಾಮ, ಇನ್ನು ಕೆಲವು ಕಡೆ ಮ್ಯುಟೆಂಟ್ ಮೀನಿನಲ್ಲಿ ಬೇರೆ ಜೀನುಗಳು ಕೊರತೆ ತುಂಬಿಕೊಂಡದ್ದು ಕಾರಣ. ಆದ್ದರಿಂದ ಮೀನಿಗೆ ಒಯ್ಯಬೇಕಾದದ್ದು ನೊಣದಲ್ಲಿ ಎರಡು ತಳಿಗಳಲ್ಲೂ, ಔಷಧದಲ್ಲೂ ನಿಂತ ಒಂದೋ ಎರಡೋ ಜೀನು. ಅದೂ ಸ್ಥಿರ ಮ್ಯುಟೆಂಟ್ ತಳಿ ಮಾಡಿಕೊಂಡು, ಆ ಜೀನಿಗೆ ಎರಡನೆಯ ಪ್ರತಿ ಇದೆಯೇ ಎಂದು ಮೊದಲೇ ನೋಡಿಕೊಂಡು.