ಸಂಬಳ ಕಡಿಮೆ, ಪ್ರತಿಫಲ ಎಷ್ಟು?

ಕಂಪನಿ ಕೆಲಸ ಬಿಟ್ಟು ಸ್ವಯಂಸೇವಾ ಸಂಸ್ಥೆಗೆ ಹೊರಟವರಿಗೆ ಸಂದರ್ಶನದಲ್ಲಿ ಒಂದು ಮಾತು ಕೇಳಿಬರುತ್ತದೆ: ಸಂಬಳವೊಂದನ್ನೇ ನೋಡಬೇಡಿ, ‘ಟೋಟಲ್ ರಿವಾರ್ಡ್’ ನೋಡಿ. ಸಮಯದ ಅನುಕೂಲ, ಭದ್ರತೆ, ಕಲಿಕೆ, ಸಾರ್ಥಕತೆ ಎಲ್ಲವನ್ನೂ ಸೇರಿಸಿ ತೂಗಿ ಎಂಬುದು ಇದರ ತಿರುಳು. ಈ ಮಾದರಿ ಹುಟ್ಟಿದ್ದು ಕಾರ್ಪೊರೇಟ್ ಜಗತ್ತಿನಲ್ಲೇ. ಅಮೆರಿಕದ ವರ್ಲ್ಡ್‌ಅಟ್‌ವರ್ಕ್ ಸಂಘ 2000ರಲ್ಲಿ ಇದನ್ನು ರೂಪಿಸಿ, 2006ರಲ್ಲಿ ಐದು ಬಾಬತ್ತುಗಳಾಗಿ ವಿಸ್ತರಿಸಿತು. ಸಂಬಳದ ಜೊತೆಗೆ ಇನ್ನೇನು ಸಿಗುತ್ತದೆ ಎಂದು ತೋರಿಸಲು ಮಾಡಿದ ಪಟ್ಟಿ ಅದು. ಅದನ್ನೇ ಸಂಬಳ ಕಡಿಮೆ ಇರುವುದಕ್ಕೆ ಸಮಜಾಯಿಷಿಯಾಗಿ ಬಳಸಿದರೆ ಲೆಕ್ಕ ತಪ್ಪುತ್ತದೆ.

ಹಾಗೆಂದು ಈ ವಿಧಾನವನ್ನು ತಳ್ಳಿಹಾಕಬೇಕಿಲ್ಲ. ಹಣದ ಲೆಕ್ಕವನ್ನು ಮೊದಲು ಸರಿಯಾಗಿ ಮಾಡಿದರೆ ಇದು ಉಪಯೋಗಕ್ಕೆ ಬರುತ್ತದೆ. ಬೆಂಗಳೂರಿನ ಐಟಿ ಕಂಪನಿಯಲ್ಲಿ 18 ಲಕ್ಷ ಸಿಟಿಸಿ ಇರುವ ಒಬ್ಬರಿಗೆ, ಸರ್ಕಾರಿ ಶಾಲೆಗಳ ಜೊತೆ ಕೆಲಸ ಮಾಡುವ ಸಂಸ್ಥೆಯೊಂದು 10 ಲಕ್ಷ ಕೊಡುತ್ತದೆ ಎಂದುಕೊಳ್ಳಿ. 18 ಲಕ್ಷದಲ್ಲಿ 2 ಲಕ್ಷ ವೇರಿಯಬಲ್. ಕಂಪನಿ ಪಾಲಿನ ಪಿಎಫ್, ಗ್ರಾಚುಯಿಟಿ, ವಿಮಾ ಕಂತು ಎಂದು ಇನ್ನೊಂದು 70 ಸಾವಿರ ಹೋಗುತ್ತದೆ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಉಳಿದದ್ದಕ್ಕೆ ಸುಮಾರು ಒಂದು ಲಕ್ಷ ತೆರಿಗೆ. ತಿಂಗಳಿಗೆ ಕೈಗೆ ಬರುವುದು 1.17 ಲಕ್ಷದ ಆಸುಪಾಸು. ಸಂಸ್ಥೆಯ 10 ಲಕ್ಷದಲ್ಲೂ ಇಂಥದೇ ಕಡಿತಗಳಿವೆ, ಆದರೆ ಆದಾಯ ತೆರಿಗೆ ಇಲ್ಲ. ಈ ಪದ್ಧತಿಯಲ್ಲಿ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆ ಬೀಳುವುದಿಲ್ಲ. ತಿಂಗಳಿಗೆ 76 ಸಾವಿರ ಚಿಲ್ಲರೆ ಸಿಗುತ್ತದೆ. ವೇರಿಯಬಲ್ ಬಹುಪಾಲು ಬಂದೀತು ಎಂದು ಸೇರಿಸಿದರೂ, ಕಾಗದದ ಮೇಲೆ 8 ಲಕ್ಷವಿದ್ದ ಅಂತರ ಕೈಯಲ್ಲಿ ವರ್ಷಕ್ಕೆ 6 ಲಕ್ಷದಷ್ಟಾಗುತ್ತದೆ. ಉಳಿದ ಪ್ರತಿಫಲಗಳು ತುಂಬಿಕೊಡಬೇಕಾದದ್ದು ಈ 6 ಲಕ್ಷವನ್ನು.

ಎಲ್ಲರೂ ಎಡವುವುದು ಭದ್ರತೆಯ ವಿಷಯದಲ್ಲಿ. ಸೇವಾ ಸಂಸ್ಥೆಗಳಲ್ಲಿ ಲೇಆಫ್ ಇಲ್ಲ ಎಂಬ ನಂಬಿಕೆ ಹಳೆಯದು. ಅಲ್ಲಿ ಕೆಲಸದ ಆಯುಷ್ಯ ಅನುದಾನದ ಆಯುಷ್ಯದಷ್ಟೇ. ಕಂಪನಿಗಳ ಸಿಎಸ್‌ಆರ್ ಹಣದಲ್ಲಿ ನಡೆಯುವ ಯೋಜನೆಗೆ, ಶುರುವಾದ ವರ್ಷವನ್ನು ಬಿಟ್ಟು, ಮೂರು ವರ್ಷದ ಮಿತಿಯಿದೆ. ವಿದೇಶಿ ದೇಣಿಗೆ ಬರುವ ಕಡೆ, 2020ರ ಎಫ್‌ಸಿಆರ್‌ಎ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು. ಶಾಲೆಯ ಶಿಕ್ಷಕರು, ಆಸ್ಪತ್ರೆಯ ವೈದ್ಯರು ಈ ಮಿತಿಗೆ ಬರುವುದಿಲ್ಲ. ಲೆಕ್ಕಪತ್ರ, ಎಚ್‌ಆರ್ ನೋಡಿಕೊಳ್ಳುವವರು ಬರುತ್ತಾರೆ. ಕಂಪನಿಯಲ್ಲಿ ಫೈನಾನ್ಸ್ ಮಾಡಿದವರು ಸಂಸ್ಥೆಗೂ ಫೈನಾನ್ಸ್‌ಗೇ ಹೋದರೆ, ಒತ್ತಡ ಮೊದಲು ಬೀಳುವ ಕುರ್ಚಿಯಲ್ಲೇ ಕುಳಿತ ಹಾಗೆ.

ಇದಕ್ಕಿಂತ ದೊಡ್ಡ ಗುಂಡಿ ‘ಕನ್ಸಲ್ಟೆಂಟ್’ ಒಪ್ಪಂದ. ಅದೇ 10 ಲಕ್ಷ, ಅದೇ ಮೇಜು, ಅದೇ ಹಾಜರಿ. ಆದರೆ ಸಂಬಳದ ಬದಲು ಶುಲ್ಕ, ಅದರಲ್ಲಿ ಶೇ. 10 ಟಿಡಿಎಸ್. ಪಿಎಫ್ ಇಲ್ಲ, ಗ್ರಾಚುಯಿಟಿ ಇಲ್ಲ, 26 ವಾರಗಳ ಹೆರಿಗೆ ರಜೆಯ ಹಕ್ಕೂ ಕಾಗದದ ಮೇಲೆ ಇಲ್ಲ. ಇಂಥ ಕೆಲಸವನ್ನು ಭದ್ರತೆಯ ಹೆಸರಿನಲ್ಲಿ ಒಪ್ಪಿಸುವುದು ಮೋಸಕ್ಕೆ ಹತ್ತಿರದ ಮಾತು.

ಸಮಯದ ಅನುಕೂಲವನ್ನು ಅಳೆಯುವುದು ಸುಲಭ. ಮಾರ್ಚ್ ಹೇಗಿರುತ್ತದೆ ಎಂದು ಅಲ್ಲಿ ಈಗಾಗಲೇ ಇರುವವರನ್ನು ಕೇಳಿದರೆ ಸಾಕು. ಆರ್ಥಿಕ ವರ್ಷ ಮುಗಿಯುವಾಗ ಖರ್ಚು ತೋರಿಸಿ, ಬಳಕೆ ಪ್ರಮಾಣಪತ್ರ ಬರೆದು, ದಾನಿಗೆ ವರದಿ ಕಳಿಸುವ ತರಾತುರಿ ಐಟಿಯ ರಿಲೀಸ್ ವಾರಕ್ಕಿಂತ ಕಡಿಮೆಯೇನಲ್ಲ. ಶನಿವಾರ ಹಳ್ಳಿಗೆ ಹೋದ ದಿನಕ್ಕೆ ಬದಲಿ ರಜೆ ಸಿಗುತ್ತದೆಯೇ ಎಂಬುದಕ್ಕೂ ಉತ್ತರ ಬೇಕು.

ಈ ಪಟ್ಟಿಯಲ್ಲಿ ಸೇವಾ ಸಂಸ್ಥೆ ನಿಜವಾಗಿ ಗೆಲ್ಲುವುದು ಕಲಿಕೆಯಲ್ಲಿ. ಇಪ್ಪತ್ತು ಜನರ ಸಂಸ್ಥೆಯಲ್ಲಿ ಮೂವತ್ತರ ಹರೆಯದವರೊಬ್ಬರು ಬಜೆಟ್ ಬರೆಯುತ್ತಾರೆ, ಬಿಇಒ ಕಚೇರಿಯಲ್ಲಿ ಅನುಮತಿಗೆ ಕಾಯುತ್ತಾರೆ, ಸಮೀಕ್ಷೆಯ ಅಂಕಿಗಳಲ್ಲಿ ಸುಳ್ಳು ಎಲ್ಲಿದೆ ಎಂದು ಪತ್ತೆ ಹಚ್ಚುತ್ತಾರೆ. ಕಂಪನಿಯಲ್ಲಿ ಇಷ್ಟು ಹರವಿನ ಹೊಣೆ ಆ ವಯಸ್ಸಿಗೆ ಅಪರೂಪ. ಆದರೆ ಅದೇ ಕೆಲಸ ನಾಲ್ಕನೇ ವರ್ಷವೂ ಅದೇ ಆಗಿದ್ದರೆ ಕಲಿಕೆ ಎಂಬ ಬಾಬತ್ತು ಸೊನ್ನೆ. ಸಣ್ಣ ಸಂಸ್ಥೆಗಳಲ್ಲಿ ಮೇಲಿನ ಹುದ್ದೆ ಒಂದೋ ಎರಡೋ ಇರುತ್ತದೆ, ಅಲ್ಲಿ ಸ್ಥಾಪಕರೇ ಕುಳಿತಿರುತ್ತಾರೆ.

ಸಾರ್ಥಕತೆಯನ್ನು ಮಾತ್ರ ಈ ಕೂಡಿಸುವ ಲೆಕ್ಕಕ್ಕೆ ತರಲೇಬಾರದು ಎಂಬುದು ನನ್ನ ನಿಲುವು. ಬೆಲೆ ಕಟ್ಟಿದೊಡನೆ ಅದು ಉದ್ಯೋಗದಾತನ ಕೈಯಲ್ಲಿ ರಿಯಾಯಿತಿ ಚೀಟಿಯಾಗುತ್ತದೆ. ಸಂಬಳ ಏರಿಸಿ ಎಂದವರಿಗೆ ಬದ್ಧತೆ ಇಲ್ಲವೇ ಎಂಬ ಪ್ರಶ್ನೆ ತಿರುಗಿ ಬರುತ್ತದೆ. ಬಾಡಿಗೆ, ಮಕ್ಕಳ ಫೀಸು, ತಂದೆತಾಯಿಯ ಔಷಧಿ ಕಳೆದು ತಿಂಗಳಿಗೆ ಸ್ವಲ್ಪವಾದರೂ ಉಳಿಯುತ್ತದೆಯೇ ಎಂಬುದು ಮೊದಲು ಇತ್ಯರ್ಥವಾಗಲಿ. ಉಳಿಯದಿದ್ದರೆ ಎಷ್ಟೇ ಒಳ್ಳೆಯ ಉದ್ದೇಶವಿದ್ದರೂ ಆ ಕೆಲಸ ಒಪ್ಪಬೇಡಿ. ಉಳಿಯುವುದಾದರೆ ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮೊದಲು ಮೂರು ವಿಷಯಗಳನ್ನು ಲಿಖಿತವಾಗಿ ಕೇಳಿ: ನಾನು ನೌಕರನೋ ಕನ್ಸಲ್ಟೆಂಟೋ, ನನ್ನ ಹುದ್ದೆಗೆ ಹಣ ಕೊಡುವವರು ಯಾರು, ಆ ಹಣ ಯಾವ ತಿಂಗಳಿಗೆ ಮುಗಿಯುತ್ತದೆ.