ಒಂದು ಟ್ರೋಪೋನಿನ್ ಸಾಲದು

ಟ್ರೋಪೋನಿನ್ ನೆಗೆಟಿವ್ ಬಂದರೆ ಗ್ಯಾಸ್ಟ್ರಿಕ್, ಪಾಸಿಟಿವ್ ಬಂದರೆ ಹಾರ್ಟ್ ಅಟ್ಯಾಕ್. ರಾಜಾಜಿನಗರದಿಂದ ಕೆಂಗೇರಿಯವರೆಗೆ ಎದೆನೋವಿನ ಮಾತು ಬಂದಲ್ಲೆಲ್ಲ ಈ ಸೂತ್ರ ಕೇಳಿಬರುತ್ತದೆ. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳು ಸುದ್ದಿಯಾಗಿ ಜನ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತ ಮೇಲಂತೂ ಈ ನಂಬಿಕೆ ಇನ್ನಷ್ಟು ಗಟ್ಟಿಯಾಗಿದೆ. ಟ್ರೋಪೋನಿನ್ ಒಳ್ಳೆಯ ಪರೀಕ್ಷೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಸಮಯವನ್ನು ಬದಿಗಿಟ್ಟು ಅದನ್ನು ಓದುವ ರೀತಿಗೆ ಮಾತ್ರ ನನ್ನ ತಕರಾರು.

ಟ್ರೋಪೋನಿನ್ ಎಂಬುದು ಹೃದಯದ ಸ್ನಾಯುಕೋಶದೊಳಗಿನ ಪ್ರೋಟೀನು. ರಕ್ತನಾಳ ಕಟ್ಟಿಕೊಂಡ ಕ್ಷಣಕ್ಕೇ ಅದು ರಕ್ತಕ್ಕೆ ಬರುವುದಿಲ್ಲ. ಮೊದಲು ಕೋಶಕ್ಕೆ ಪೆಟ್ಟಾಗಬೇಕು, ಆಮೇಲೆ ಅದು ಸೋರಬೇಕು. ಹಳೆಯ ವಿಧಾನದ ಪರೀಕ್ಷೆಗೆ ಅದು ಸಿಗುವುದು ನೋವು ಶುರುವಾದ ಮೂರರಿಂದ ಆರು ಗಂಟೆಯ ನಂತರ. ಹೈ ಸೆನ್ಸಿಟಿವಿಟಿ ಪರೀಕ್ಷೆಗೆ ಒಂದರಿಂದ ಮೂರು ಗಂಟೆಯಲ್ಲೇ ಸುಳಿವು ಸಿಗಬಹುದು. ಮಟ್ಟ ಸಾಮಾನ್ಯವಾಗಿ 12ರಿಂದ 24 ಗಂಟೆಯೊಳಗೆ ತುದಿ ಮುಟ್ಟಿ, ವಾರಕ್ಕೂ ಹೆಚ್ಚು ಕಾಲ ಉಳಿಯುತ್ತದೆ.

ವಿಜಯನಗರದ ಒಬ್ಬರಿಗೆ ಬೆಳಗಿನ ಐದಕ್ಕೆ ಎದೆ ಹಿಂಡಿತು ಎಂದುಕೊಳ್ಳಿ. ಆರಕ್ಕೆ ಒಂದು ಹನಿ ರಕ್ತ ಹಾಕಿದ ಕಾರ್ಡಿನಲ್ಲಿ ಒಂದೇ ಗೆರೆ ಮೂಡಿತು, ‘ನೆಗೆಟಿವ್’ ಎಂದರು. ಅವರು ಆಸಿಡಿಟಿ ಮಾತ್ರೆ ನುಂಗಿ ಮನೆಗೆ ಹೋದರು. ಅವರದೇ ರಕ್ತವನ್ನು ಹತ್ತಕ್ಕೆ ಮತ್ತೆ ತೆಗೆದು ನೋಡಿದ್ದರೆ ಎರಡು ಗೆರೆ ಕಾಣುತ್ತಿತ್ತೇನೋ. ಕಾರ್ಡು ಸುಳ್ಳು ಹೇಳಲಿಲ್ಲ. ಉತ್ತರ ಇನ್ನೂ ಹುಟ್ಟಿರದ ಹೊತ್ತಿನಲ್ಲಿ ನಾವೇ ಪ್ರಶ್ನೆ ಕೇಳಿದೆವು.

ಆ ಆರು ಗಂಟೆಗೆ ಬೇಕಿದ್ದದ್ದು ಇಸಿಜಿ. ರೋಗಿ ಬಂದ ಹತ್ತು ನಿಮಿಷದೊಳಗೆ ಅದನ್ನು ತೆಗೆದು ಓದಬೇಕೆಂಬುದು ಜಗತ್ತಿನಾದ್ಯಂತ ಒಪ್ಪಿದ ನಿಯಮ. ಅದರಲ್ಲಿ ಎಸ್‌ಟಿ ಭಾಗ ಹೃದಯಾಘಾತದ ರೀತಿಯಲ್ಲಿ ಮೇಲೆದ್ದಿದ್ದರೆ ಟ್ರೋಪೋನಿನ್‌ಗಾಗಿ ಕಾಯುವುದೇ ತಪ್ಪು, ಚಿಕಿತ್ಸೆ ಆಗಲೇ ಶುರುವಾಗಬೇಕು. ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೊಡ್ಡ ಹೃದಯ ಕೇಂದ್ರದ ತಜ್ಞರ ಸಲಹೆಗೆ ಜೋಡಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಇಸಿಜಿಯನ್ನೇ ಮೊದಲ ಮೆಟ್ಟಿಲಾಗಿಸಿಕೊಂಡಿದೆ. ಆ ಕ್ರಮ ಸರಿಯಾಗಿಯೇ ಇದೆ.

ಇದಕ್ಕೊಂದು ಗಟ್ಟಿಯಾದ ಪ್ರತಿವಾದವಿದೆ: ಹೈ ಸೆನ್ಸಿಟಿವಿಟಿ ಪರೀಕ್ಷೆ ಬಂದ ಮೇಲೆ ಒಂದೇ ಸ್ಯಾಂಪಲ್ಲಿನಲ್ಲಿ ಹೃದಯಾಘಾತವನ್ನು ತಳ್ಳಿಹಾಕಬಹುದಲ್ಲ? ಒಪ್ಪುತ್ತೇನೆ, ಆದರೆ ಷರತ್ತಿನ ಮೇಲೆ. ನೋವು ಶುರುವಾಗಿ ಮೂರು ಗಂಟೆ ದಾಟಿರಬೇಕು, ಇಸಿಜಿಯಲ್ಲಿ ದೋಷ ಇರಬಾರದು, ಟ್ರೋಪೋನಿನ್ ಟಿ ಲೀಟರಿಗೆ 5 ನ್ಯಾನೊಗ್ರಾಂಗಿಂತ ಕಡಿಮೆ ಇರಬೇಕು. ‘14ರ ಒಳಗಿದೆ, ನಾರ್ಮಲ್’ ಎಂದ ಮಾತ್ರಕ್ಕೆ ಷರತ್ತು ತೀರುವುದಿಲ್ಲ. ಉಳಿದವರಿಗೆ ಒಂದು, ಎರಡು ಅಥವಾ ಮೂರು ಗಂಟೆ ಬಿಟ್ಟು ಎರಡನೇ ಸ್ಯಾಂಪಲ್ ಬೇಕೇ ಬೇಕು.

ಪಾಸಿಟಿವ್ ಬಂದಾಗಿನ ಓದು ಇನ್ನೂ ಅವಸರದ್ದು. ಕೆಂಗೇರಿಯ ಒಬ್ಬ ಡಯಾಲಿಸಿಸ್ ರೋಗಿಗೆ ಸುಸ್ತೆಂದು ಪರೀಕ್ಷಿಸಿದಾಗ 60 ಬಂತು, ಮೂರು ಗಂಟೆಯ ನಂತರ 62 ಬಂತು ಎನ್ನಿ. ಪಕ್ಕದ ಹಾಸಿಗೆಯವರಿಗೆ ಮೊದಲು 20, ಆಮೇಲೆ 95. ಮೊದಲ ಸ್ಯಾಂಪಲ್ ಒಂದನ್ನೇ ನೋಡಿದರೆ ಕಿಡ್ನಿ ರೋಗಿಯದೇ ದೊಡ್ಡ ಅಪಾಯ ಎನಿಸುತ್ತದೆ. ಆದರೆ ಸದ್ಯದ ಪೆಟ್ಟನ್ನು ಹೇಳುವುದು 20ರಿಂದ 95ಕ್ಕೆ ಏರಿದ ಆ ಏರಿಕೆ. ಹೃದಯಾಘಾತದ 2018ರ ಅಂತರರಾಷ್ಟ್ರೀಯ ವ್ಯಾಖ್ಯಾನ ಇದನ್ನೇ ಹೇಳುತ್ತದೆ: ಮಟ್ಟ ಏರಬೇಕು ಇಲ್ಲವೇ ಇಳಿಯಬೇಕು, ಜೊತೆಗೆ ನೋವು, ಇಸಿಜಿ ಬದಲಾವಣೆ, ಎಕೋದಲ್ಲಿ ಹೊಸ ದೋಷ ಇಂಥ ರಕ್ತಕೊರತೆಯ ಸಾಕ್ಷಿ ಒಂದಾದರೂ ಇರಬೇಕು. ಸಾಕ್ಷಿ ಇಲ್ಲದಿದ್ದರೆ ಅದು ಹೃದಯಸ್ನಾಯುವಿನ ಗಾಯ, ಹೃದಯಾಘಾತವಲ್ಲ. ರಕ್ತದ ಸೋಂಕು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು, ಮಯೋಕಾರ್ಡೈಟಿಸ್, ಹಾರ್ಟ್ ಫೇಲ್ಯೂರ್, ವಿಪರೀತ ಹೃದಯಬಡಿತ ಇವೆಲ್ಲವೂ ಟ್ರೋಪೋನಿನ್ ಏರಿಸುತ್ತವೆ.

ಹಾಗೆಂದು ಅದನ್ನು ‘ಫಾಲ್ಸ್ ಪಾಸಿಟಿವ್’ ಎಂದು ತಳ್ಳುವವರ ಜೊತೆಗೂ ನಾನಿಲ್ಲ. ಕಿಡ್ನಿ ರೋಗಿಯ ಆ 60 ಕೂಡ ನಿಜವೇ. ಅವರ ಹೃದಯ ದಿನದಿನವೂ ಸವೆಯುತ್ತಿದೆ ಎಂಬ ಎಚ್ಚರಿಕೆ ಅದರಲ್ಲಿದೆ. ಅದಕ್ಕೆ ಬೇಕಾದ ಚಿಕಿತ್ಸೆ ಬೇರೆ, ಅಷ್ಟೆ.

ಹಾಗಾಗಿ ಲ್ಯಾಬುಗಳಿಗೆ ನನ್ನದೊಂದು ಒತ್ತಾಯ: ಟ್ರೋಪೋನಿನ್ ರಿಪೋರ್ಟಿನಲ್ಲಿ ರಕ್ತ ತೆಗೆದ ಸಮಯದ ಪಕ್ಕ ನೋವು ಶುರುವಾದ ಸಮಯವನ್ನೂ ಬರೆಯಿರಿ. ಓದುಗರಿಗೆ ಹೇಳುವುದಿಷ್ಟು. ಎದೆ ಹಿಂಡಿದರೆ ಲ್ಯಾಬಿಗೆ ಹೋಗಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಮತ್ತು ತುರ್ತು ಚಿಕಿತ್ಸೆ ಇರುವ ಆಸ್ಪತ್ರೆ ಸೇರಿ. ನೋವು ಎಷ್ಟು ಗಂಟೆಗೆ ಶುರುವಾಯಿತೆಂದು ಅಲ್ಲಿ ಮೊದಲ ಮಾತಿಗೇ ಹೇಳಿ.